ಸ್ಪಷ್ಟೀಕರಣ ಕೋರಿ

ಸರ್ಕಾರಿ ಸುತ್ತೋಲೆಗಳಲ್ಲಿ ಅರ್ಥವಾಗದವುಗಳಿಂದ ಯಾರಿಗೂ ತೊಂದರೆಯಿಲ್ಲ. ಅವುಗಳ ಮೇಲೆ ‘ನೋಡಲಾಗಿದೆ, ಕಡತಕ್ಕೆ ಸೇರಿಸಿ’ ಎಂದು ಬರೆದರೆ ಮುಗಿಯಿತು. ಕಾಟ ಕೊಡುವುದು ಎರಡು ಬಗೆಯಲ್ಲಿ ಚೆನ್ನಾಗಿ ಅರ್ಥವಾಗುವ ಸುತ್ತೋಲೆ. ಒಂದು ಅರ್ಥದಲ್ಲಿ ನಡೆದರೆ ಲೆಕ್ಕಪರಿಶೋಧಕರು ಹಿಡಿಯುತ್ತಾರೆ, ಇನ್ನೊಂದರಲ್ಲಿ ನಡೆದರೆ ಮೇಲಧಿಕಾರಿಗಳು.

ಒಂದು ಜನವರಿಯಲ್ಲಿ ನಮ್ಮ ತಾಲ್ಲೂಕು ಕಚೇರಿಗೆ ಅಂಥದೊಂದು ಬಂತು. ವಿಷಯ ಮಿತವ್ಯಯ. ಕಂಡಿಕೆ 3ರ ಸಾರ ಇಷ್ಟು: ಹೊಸದಾಗಿ ಪ್ರಾರಂಭಿಸುವ ಖರೀದಿ ಪ್ರಕ್ರಿಯೆಗಳನ್ನು ಮುಂದಿನ ಆದೇಶದವರೆಗೆ ತಡೆಹಿಡಿಯುವುದು, ಈಗಾಗಲೇ ಪ್ರಾರಂಭವಾಗಿರುವವುಗಳಿಗೆ ಇದು ಅನ್ವಯಿಸುವುದಿಲ್ಲ. ಓದಲು ಎಷ್ಟು ಸೊಗಸು! ಆದರೆ ಆ ಹೊತ್ತಿಗೆ ನಾವು ಹನ್ನೆರಡು ಕುರ್ಚಿಗಳ ಖರೀದಿಯ ನಟ್ಟನಡುವೆ ಇದ್ದೆವು. ಬೇಡಿಕೆ ಪಟ್ಟಿ ಹೋಗಿತ್ತು, ಅನುಮೋದನೆ ಸಿಕ್ಕಿತ್ತು, ಡಿಸೆಂಬರಿನಲ್ಲಿ ದರಪಟ್ಟಿ ಕರೆದಿದ್ದೆವು, ಬಂದ ದರಗಳ ತುಲನಾತ್ಮಕ ಪಟ್ಟಿಯೂ ಸಿದ್ಧವಾಗಿತ್ತು. ಸರಬರಾಜು ಆದೇಶ ಮಾತ್ರ ಹೋಗಿರಲಿಲ್ಲ. ನಮ್ಮ ಖರೀದಿ ಪ್ರಾರಂಭವಾಗಿದೆಯೋ ಇಲ್ಲವೋ? ಬೇಡಿಕೆ ಪಟ್ಟಿಯಿಂದ ಎಣಿಸಿದರೆ ಆಗಿದೆ, ಸರಬರಾಜು ಆದೇಶದಿಂದ ಎಣಿಸಿದರೆ ಇಲ್ಲ.

ಬಿಲ್ಲಿಗೆ ಸಹಿ ಹಾಕುವ ಡಿಡಿಓ ನಾನು. ಖರೀದಿ ನಿಯಮಬಾಹಿರ ಎಂದಾದರೆ ಹನ್ನೆರಡು ಕುರ್ಚಿಗಳ ಬೆಲೆ ನನ್ನ ಸಂಬಳದಿಂದ ವಸೂಲಿ. ಹಾಗೆಂದು ಸುಮ್ಮನಿದ್ದರೆ ಮಾರ್ಚ್ 31ಕ್ಕೆ ಅನುದಾನ ಲ್ಯಾಪ್ಸ್, ಏಪ್ರಿಲಿನಲ್ಲಿ ‘ಅನುದಾನ ಬಳಸದಿರುವುದಕ್ಕೆ ಕಾರಣ ನೀಡಿ’ ಎಂಬ ನೋಟಿಸು. ಇದರ ಮೇಲೆ ದರಪಟ್ಟಿಗೂ ಊರ್ಜಿತ ಅವಧಿ ಇರುತ್ತದೆ. ಅದು ಕಳೆದ ಮೇಲೆ ಅಂಗಡಿಯವನು ಹಳೆಯ ದರಕ್ಕೆ ಕೊಡಬೇಕಾಗಿಲ್ಲ.

ಜಿಲ್ಲಾ ಕಚೇರಿಗೆ ಫೋನ್ ಮಾಡಿದೆ. “ತಗೊಳ್ಳಿ ಮೇಡಂ, ಏನೂ ಆಗಲ್ಲ” ಎಂದರು. ನಮ್ಮ ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ, ಯಾವುದಕ್ಕೂ ಅವಸರಪಡದ ಮನುಷ್ಯ. “ಏನೂ ಆಗಲ್ಲ ಅಂತ ಬರೆದು ಕೊಡ್ತಾರಾ ಕೇಳಿ ಮೇಡಂ” ಎಂದರು. ಕೇಳಿದೆ. ಆ ಕಡೆ ಸಾಹೇಬರಿಗೆ ತುರ್ತು ಮೀಟಿಂಗ್ ನೆನಪಾಯಿತು.

ಬಾಯಿಮಾತಿನ ಆದೇಶವನ್ನು ನಂಬಬೇಡಿ ಎನ್ನುವುದು ಮ್ಯಾನೇಜರೊಬ್ಬರ ವೇದಾಂತವಲ್ಲ. ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆಗಳನ್ನು ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟೇ 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಂತೂ ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಲ್ಲಿ ಹೇಳಿದ್ದರೆ ಕೈಕೆಳಗಿನವನು ಆದಷ್ಟು ಬೇಗ ಲಿಖಿತ ದೃಢೀಕರಣ ಕೇಳಬೇಕು ಎಂದಿದೆ. ಇದನ್ನು ಓದಿ ನಾನು ಎದೆಯುಬ್ಬಿಸುವಷ್ಟರಲ್ಲಿ ಅದೇ ನಿಯಮದ ಕೆಳಗಿನ ವಿವರಣೆ ಕಣ್ಣಿಗೆ ಬಿತ್ತು. ತಾನೇ ನಿರ್ಧರಿಸಬಹುದಾದ ವಿಷಯಕ್ಕೆ ಮೇಲಿನವರ ಸೂಚನೆ ಕೇಳಿ ಜವಾಬ್ದಾರಿಯಿಂದ ನುಣುಚಿಕೊಳ್ಳಲು ಈ ನಿಯಮವನ್ನು ಬಳಸುವಂತಿಲ್ಲವಂತೆ! ನಿಯಮ ಬರೆದವರಿಗೆ ನಮ್ಮ ಜಾತಿಯ ಪರಿಚಯ ಚೆನ್ನಾಗಿಯೇ ಇತ್ತು.

ಕೊನೆಗೆ ಪತ್ರ ಬರೆಯುವುದೆಂದಾಯಿತು. ನಮ್ಮ ಕೇಸ್ ವರ್ಕರ್ ಹುಡುಗ ಕ್ಷಣದಲ್ಲಿ ಕರಡು ತಂದ. ‘ಉಲ್ಲೇಖಿತ ಸುತ್ತೋಲೆಯ ಬಗ್ಗೆ ಸೂಕ್ತ ಮಾರ್ಗದರ್ಶನ ನೀಡಬೇಕಾಗಿ ಕೋರಿದೆ.’ ಮ್ಯಾನೇಜರು ಅದನ್ನು ಓದಿ, “ಇದಕ್ಕೆ ಬರೋ ಉತ್ತರಾನೂ ನೀನೇ ಟೈಪ್ ಮಾಡಿಬಿಡಪ್ಪ. ನಿಯಮಾನುಸಾರ ಕ್ರಮ ವಹಿಸುವುದು” ಎಂದರು.

ಆಮೇಲೆ ಅವರೇ ಕೂತು ಬರೆದರು. ಉಲ್ಲೇಖದಲ್ಲಿ ಸುತ್ತೋಲೆಯ ಸಂಖ್ಯೆ, ದಿನಾಂಕ, ಜೊತೆಗೆ ಕಂಡಿಕೆ 3. ಸುತ್ತೋಲೆ ಅಸ್ಪಷ್ಟವಾಗಿದೆ ಎಂಬ ಮಾತು ಎಲ್ಲೂ ಇಲ್ಲ. ಹಾಗೆ ಬರೆದರೆ ಸುತ್ತೋಲೆ ಬರೆದವರು ಮುನಿಸಿಕೊಂಡು ಕಡತವನ್ನು ತಳಕ್ಕೆ ಹಾಕುತ್ತಾರೆ. ‘ಅನುಷ್ಠಾನದ ಹಂತದಲ್ಲಿ ಈ ಅಂಶ ಉದ್ಭವಿಸಿದೆ’ ಎಂದರೆ ತಪ್ಪು ಯಾರದೂ ಅಲ್ಲ. ಅದರ ಕೆಳಗೆ ಖರೀದಿಯ ಪ್ರತಿ ಹೆಜ್ಜೆಯೂ ದಿನಾಂಕದೊಡನೆ. ನಂತರ ಪ್ರಶ್ನೆ: ಪ್ರಕ್ರಿಯೆಯ ಪ್ರಾರಂಭ ಎಂದು (ಅ) ದರಪಟ್ಟಿ ಆಹ್ವಾನಿಸಿದ ದಿನಾಂಕವನ್ನು ಪರಿಗಣಿಸಬೇಕೇ, (ಆ) ಸರಬರಾಜು ಆದೇಶದ ದಿನಾಂಕವನ್ನೇ? ನಮ್ಮ ಅಭಿಪ್ರಾಯ (ಅ), ಏಕೆಂದರೆ ಕಚೇರಿ ಹೊರಗಿನವರೊಡನೆ ವ್ಯವಹಾರಕ್ಕಿಳಿಯುವುದು ಅಂದಿನಿಂದ. ಕೊನೆಯಲ್ಲಿ ದರಪಟ್ಟಿಯ ಅವಧಿ ಮುಗಿಯುವ ದಿನ ಮತ್ತು ಮಾರ್ಚ್ 31.

“ನಮ್ಮ ಅಭಿಪ್ರಾಯ ಯಾಕೆ? ಕೇಳ್ತಿರೋದೇ ನಾವಲ್ವಾ?” ಎಂದೆ.

“ಅದಿಲ್ಲದೆ ಹೋದರೆ ‘ಸ್ಪಷ್ಟ ಅಭಿಪ್ರಾಯದೊಂದಿಗೆ ಮರುಸಲ್ಲಿಸುವುದು’ ಅಂತ ಹದಿನೈದು ದಿನ ಬಿಟ್ಟು ವಾಪಸ್ ಬರುತ್ತೆ ಮೇಡಂ. ಮೇಲಿನೋರಿಗೆ ಯೋಚನೆ ಮಾಡೋ ಕೆಲಸ ಕೊಡಬಾರದು, ಟಿಕ್ ಹಾಕೋ ಕೆಲಸ ಕೊಡಬೇಕು.”

ಪತ್ರ ಜಿಲ್ಲಾ ಕಚೇರಿಯ ಮೂಲಕವೇ ಹೋಗಬೇಕು; ನೇರ ಬೆಂಗಳೂರಿಗೆ ಕಳಿಸಿದರೆ ಉತ್ತರಕ್ಕೆ ಮೊದಲು ಮೆಮೊ ಬರುತ್ತದೆ. ಜಿಲ್ಲೆಯವರು ಅದಕ್ಕೊಂದು ಮುಖಪತ್ರ ಹೊದಿಸಿ, ‘ತಾಲ್ಲೂಕು ಕಚೇರಿಯ ಪತ್ರ ಸ್ವಯಂವೇದ್ಯವಾಗಿದೆ’ ಎಂದು ಬರೆದು, ತಮ್ಮ ಅಭಿಪ್ರಾಯದ ಸೋಂಕು ತಗಲದಂತೆ ಮೇಲಕ್ಕೆ ಕಳಿಸಿದರು. ಆಮೇಲೆ ಮೌನ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ನಾಗರಿಕನಿಗೆ 2011ರ ಸಕಾಲ ಕಾಯ್ದೆಯ ಗಡುವಿದೆ. ಕಚೇರಿ ಕಚೇರಿಯನ್ನು ಕೇಳಿದರೆ ಇರುವುದು ನೆನಪೋಲೆ ಮಾತ್ರ. ನೆನಪೋಲೆ-1 ಹೋಯಿತು, ನೆನಪೋಲೆ-2 ಹೋಯಿತು. ಪ್ರತಿ ಸಲವೂ ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಮ್ಯಾನೇಜರು ಕಡತದಲ್ಲಿ ದಾರ ಪೋಣಿಸಿ ಕಟ್ಟಿದರು.

“ಉತ್ತರ ಬರದೇ ಹೋದರೆ?” ಎಂದು ನಾನು ಚಡಪಡಿಸಿದೆ.

“ಬಂದರೆ ಕುರ್ಚಿಗೆ ಒಳ್ಳೇದು. ಬರದೇ ಹೋದರೂ ನಿಮಗೆ ಒಳ್ಳೇದು” ಎಂದರು. ಆಗ ಹೊಳೆಯಿತು. ವಿಳಾಸದಲ್ಲಿ ನಿರ್ದೇಶಕರೆಂದಿದ್ದರೂ ಆ ಪತ್ರದ ನಿಜವಾದ ಓದುಗ ಎರಡು ಮೂರು ವರ್ಷ ಬಿಟ್ಟು ಬರಲಿರುವ ಲೆಕ್ಕಪರಿಶೋಧಕ. ಇವಳು ಕೇಳಿದ್ದಳು, ಯಾವಾಗ ಕೇಳಿದಳು, ಏನೆಂದು ಕೇಳಿದಳು ಎಂಬುದು ಅವನಿಗೆ ಕಾಣಬೇಕು.

ಮಾರ್ಚಿನ ಮೂರನೆಯ ವಾರದಲ್ಲಿ ಉತ್ತರ ಬಂತು. ‘(ಅ)ರಂತೆ ಕ್ರಮ ವಹಿಸುವುದು.’ ಕೆಳಗೆ ‘ಪ್ರತಿ: ಎಲ್ಲಾ ತಾಲ್ಲೂಕು ಕಚೇರಿಗಳಿಗೆ’. ಆ ದಿನವೇ ಸರಬರಾಜು ಆದೇಶ ಹೋಯಿತು. ಕುರ್ಚಿಗಳು ಬಂದವು, ದಾಸ್ತಾನು ವಹಿಗೆ ಏರಿದವು, ಖಜಾನೆಯ ಬಾಗಿಲು ಹಾಕುವ ಮೊದಲೇ ಬಿಲ್ಲೂ ಪಾಸಾಯಿತು.

ಅಂದು ಸಂಜೆ ಪಕ್ಕದ ತಾಲ್ಲೂಕಿನ ಅಧಿಕಾರಿಯ ಫೋನು. ನಾನು ಅಭಿನಂದನೆ ಇರಬಹುದೆಂದುಕೊಂಡೆ. ಅವರು ಸುತ್ತೋಲೆ ಬಂದ ಮೇಲೆ ದರಪಟ್ಟಿ ಕರೆದು, ‘ಬೇಡಿಕೆ ಪಟ್ಟಿ ಅಕ್ಟೋಬರಿನದಲ್ಲವೇ, ಅಂದೇ ಪ್ರಾರಂಭವಾಯಿತು’ ಎಂದು ತಮ್ಮೊಳಗೇ ತೀರ್ಮಾನಿಸಿ, ಫೆಬ್ರವರಿಯಲ್ಲೇ ಬೀರು, ಮೇಜು ಎಲ್ಲ ತಂದು ಜೋಡಿಸಿಕೊಂಡಿದ್ದರು. ಯಾರೂ ಕೇಳದಿದ್ದರೆ ಅದು ಹಾಗೆಯೇ ನಡೆದುಹೋಗುತ್ತಿತ್ತು. ಈಗ ‘ದರಪಟ್ಟಿ ಆಹ್ವಾನಿಸಿದ ದಿನಾಂಕ’ ಎಂಬ ಮೊಹರು ಬಿದ್ದ ಪ್ರತಿ ಅವರ ಮೇಜಿನ ಮೇಲಿತ್ತು, ಆ ಹೊಸ ಮೇಜಿನ ಮೇಲೆಯೇ.

“ನಿಮಗೆ ಸ್ಪಷ್ಟ ಆಗಬೇಕಿತ್ತು ಅಂತ ನಮಗ್ಯಾಕ್ರೀ ಮೇಡಂ ಸ್ಪಷ್ಟ ಮಾಡಿಸಿದ್ರಿ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಫೋನನ್ನು ಮ್ಯಾನೇಜರಿಗೆ ಕೊಟ್ಟೆ. ಅವರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, ಕನ್ನಡಕ ಏರಿಸಿ, ಹಾಳೆಯೊಂದನ್ನು ಎಳೆದುಕೊಂಡರು. “ಗಾಬರಿ ಬೇಡಿ ಸಾರ್. ಸುತ್ತೋಲೆಗೆ ಮುಂಚೇನೇ ಅನುಮೋದನೆ ಸಿಕ್ಕಿರೋ ಪ್ರಕರಣದ ಬಗ್ಗೆ ಈ ಉತ್ತರದಲ್ಲಿ ಏನೂ ಹೇಳಿಲ್ಲ. ಬರ್ಕೊಳ್ಳಿ. ಉಲ್ಲೇಖ ಒಂದು, ಸುತ್ತೋಲೆ. ಉಲ್ಲೇಖ ಎರಡು, ನಮ್ಮ ಮೇಡಂಗೆ ಬಂದಿರೋ ಸ್ಪಷ್ಟೀಕರಣ...”