ಲಾಗ್‌ಬುಕ್ ರಾಯರು

ಜಯನಗರದಲ್ಲಿ ಪ್ರತಿ ಬ್ಲಾಕಿಗೂ ಒಬ್ಬರು ಲಾಗ್‌ಬುಕ್ ರಾಯರಿದ್ದಾರೆ. ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಿಂದ ನಿವೃತ್ತರಾದವರು. ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿಯನ್ನು ನಿಜವಾಗಿಯೂ ಬರೆಯಲು ಬಳಸುವ ಕೊನೆಯ ತಲೆಮಾರು ಇವರದೇ. ನಮ್ಮ ರಾಯರ ಮನೆಯಲ್ಲಿ ಕಾಫಿಪುಡಿಗೆ ಒಂದು ಡೈರಿ ಇದೆ. ಚಿಕೋರಿ ಬದಲಾದ ವಾರ ಹಾಲು ಬದಲಾಗಕೂಡದು. ಒಮ್ಮೆ ಅವರ ಮನೆಯವರು ಚಿಕೋರಿ, ಹಾಲು ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದಕ್ಕೆ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ‘ಅನರ್ಹ’ ಎಂದು ಬರೆದಿಟ್ಟಿದ್ದಾರೆ. ಕಾಫಿ ಮಾತ್ರ ಅವತ್ತು ಚೆನ್ನಾಗಿತ್ತು.

ಇಂಥವರ ಕೈಗೆ ಎಐ ಸಿಕ್ಕಿತು.

ಮೊಮ್ಮಗನ ಉಪನಯನ. ಆಮಂತ್ರಣ ಹೋಗಬೇಕಾದ ವಿಳಾಸಗಳು ವಾಟ್ಸಾಪಿನಲ್ಲಿ ಬಂದವು, ಒಬ್ಬೊಬ್ಬರದು ಒಂದೊಂದು ಧಾಟಿ. ಅವನ್ನು ಬಡಾವಣೆ, ಸ್ಟೇಜ್, ಫೇಸ್, ಬ್ಲಾಕ್, ಅಡ್ಡರಸ್ತೆ, ಪಿನ್ ಎಂದು ಪಟ್ಟಿಗೆ ಇಳಿಸುವುದು ಕೆಲಸ. ದಕ್ಷಿಣ ಬೆಂಗಳೂರಿನಲ್ಲಿ ಇದು ಹುಡುಗಾಟವಲ್ಲ. ಜಯನಗರದ್ದು ಬ್ಲಾಕು, ಅದರಲ್ಲೂ 4ನೇ ಬ್ಲಾಕ್ ಬೇರೆ, 4ನೇ ‘ಟಿ’ ಬ್ಲಾಕ್ ಬೇರೆ. ಬನಶಂಕರಿಯಲ್ಲಿ 3ನೇ ಸ್ಟೇಜಿನೊಳಗೆ ಫೇಸು, ಫೇಸಿನೊಳಗೆ ಬ್ಲಾಕು. ಕನ್ನಡದಲ್ಲಿ ಬರೆದರಂತೂ ಮುಗಿಯಿತು: ಜೆ.ಪಿ. ನಗರದ ‘ಹಂತ’ ಎಂದರೆ ಫೇಸು, ಬನಶಂಕರಿಯ ‘ಹಂತ’ ಎಂದರೆ ಸ್ಟೇಜು.

ಬೇರೆಯವರಾದರೆ ಪಟ್ಟಿಯನ್ನು ಯಂತ್ರಕ್ಕೆ ಸುರಿದು, ಬಂದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ರಾಯರು ಹಾಗಲ್ಲ. ಹೆಸರು, ಮನೆ ನಂಬರು ತೆಗೆದು ನಲವತ್ತು ವಿಳಾಸ ಆರಿಸಿ, ಸರಿಯುತ್ತರವನ್ನು ಮೊದಲು ತಾವೇ ಪೆನ್ಸಿಲಿನಲ್ಲಿ ಬರೆದಿಟ್ಟರು. ‘ಉತ್ತರ ಗೊತ್ತಿಲ್ಲದೆ ಪೇಪರು ತಿದ್ದೋಕಾಗುತ್ತೇನ್ರೀ?’ ಎಂದರು. ಅದರಲ್ಲಿ 23ನೆಯದು ನನ್ನ ವಿಳಾಸ, 4ನೇ ‘ಟಿ’ ಬ್ಲಾಕಿನದು. ಅಂದಿನಿಂದ ಬೆಳಗಿನ ವಾಕಿಂಗಿನಲ್ಲಿ ‘ನೀವು ನಿನ್ನೆನೂ ಫೇಲು’ ಎಂದು ನನಗೆ ಹೇಳುತ್ತಿದ್ದರು.

ಪ್ರಾಂಪ್ಟಿಗೆ ರಾಯರು ಕೊಟ್ಟ ಹೆಸರು ‘ಅರ್ಜಿ’. ಅರ್ಜಿ 1 ಹೀಗಿತ್ತು: ‘ಕೆಳಗಿನ ವಿಳಾಸಗಳನ್ನು ಸರಿಪಡಿಸಿ ಪಟ್ಟಿ ಮಾಡಿ.’ ನಲವತ್ತಕ್ಕೆ 26 ಸರಿ. ತಪ್ಪಾದ 14ರಲ್ಲಿ ಎಂಟು ಕಡೆ ಇಲ್ಲದ ಪಿನ್ ಕೋಡನ್ನು ಯಂತ್ರವೇ ಹುಟ್ಟಿಸಿತ್ತು. ಅರ್ಜಿ 2ರಲ್ಲಿ ಒಂದೇ ಮಾತು ಸೇರಿತು: ‘ಪಿನ್ ಬರೆದಿಲ್ಲದಿದ್ದರೆ ಖಾಲಿ ಬಿಡಿ.’ 33ಕ್ಕೆ ಏರಿತು. ಅರ್ಜಿ 3ರಲ್ಲಿ ‘ಸರಿಪಡಿಸಿ’ ಹೋಗಿ ‘ಇದ್ದಂತೆಯೇ’ ಬಂತು. ಅಲ್ಲಿಯವರೆಗೆ ನನ್ನ ‘ಟಿ’ಯನ್ನು ಕೈತಪ್ಪೆಂದು ತಿಳಿದು ಯಂತ್ರ ಅಳಿಸುತ್ತಿತ್ತು. ಸರಿಪಡಿಸು ಎಂದವರು ರಾಯರೇ ತಾನೆ! ಈಗ 36, ನಾನು ಪಾಸು. ಡೈರಿಯಲ್ಲಿ ಪ್ರತಿ ಅರ್ಜಿಗೂ ಒಂದು ಪುಟ: ಅರ್ಜಿ ಪೂರ್ತಿಯಾಗಿ ನೀಲಿಯಲ್ಲಿ, ಬದಲಾದ ಮಾತು ಕೆಂಪಿನಲ್ಲಿ, ಏಕೆ ಬದಲಾಯಿಸಿದೆ ಎಂಬುದು ಒಂದು ಸಾಲಿನಲ್ಲಿ, ಕೆಳಗೆ ಅಂಕ. ಪ್ರತಿಸಲವೂ ಹೊಸ ಚಾಟ್ ತೆರೆಯಬೇಕು, ಹಿಂದಿನ ಮಾತಿನ ಎಂಜಲು ಅಂಟಬಾರದು ಎಂಬ ಮಡಿ ಬೇರೆ.

ಇದನ್ನೆಲ್ಲ ನೋಡುತ್ತ ಹುರುಳಿಕಾಯಿ ಬಿಡಿಸುತ್ತಿದ್ದ ಅವರ ಮನೆಯವರು, ‘ರೀ, ದಯವಿಟ್ಟು ಅಂತ ಒಂದು ಮಾತು ಹಾಕಿ, ಗಂಟೇನು ಹೋಗುತ್ತೆ?’ ಎಂದರು. ಅರ್ಜಿ 4. ಅಂಕ 37! ಆಕೆಯ ಮುಖದ ಗೆಲುವನ್ನು ನಾನೇ ಕಂಡೆ. ರಾಯರಿಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅದೇ ಅರ್ಜಿಯನ್ನು ಅಕ್ಷರ ಬದಲಿಸದೆ ಮತ್ತೆ ಕೊಟ್ಟರು. 35. ದಯವಿಟ್ಟು ಇಲ್ಲದ ಅರ್ಜಿ 3ನ್ನು ಮತ್ತೆರಡು ಸಲ ಓಡಿಸಿದರು. 37, 36. ಏನೂ ಬದಲಾಯಿಸದಿದ್ದರೂ ಅಂಕ ಒಂದೆರಡು ಹಿಂದುಮುಂದಾಗುವುದು ಈ ಯಂತ್ರದ ಜಾಯಮಾನ ಎಂದು ಆಗ ತಿಳಿಯಿತು. ಅದಕ್ಕಿಂತ ಚಿಕ್ಕ ಏರಿಕೆಯನ್ನು ಏರಿಕೆ ಎನ್ನುವಂತಿಲ್ಲ. ಅಂದಿನಿಂದ ಪ್ರತಿ ಅರ್ಜಿಗೂ ಮೂರು ಓಟ. ಈ ಸಂಶೋಧನೆಯನ್ನು ಹೆಂಡತಿಗೆ ಹೇಳಹೋಗಿ ಎರಡು ಹೊತ್ತು ಮೌನದಲ್ಲಿ ಊಟ ಮಾಡಿದರು ಎಂಬುದು ಡೈರಿಯಲ್ಲಿಲ್ಲ.

ಅಷ್ಟರಲ್ಲಿ ಅಮೆರಿಕದಿಂದ ಮಗನ ಫೋನು. ‘ಅಪ್ಪ, ನೀವು ಮೂವತ್ತು ವರ್ಷ ಅನುಭವ ಇರೋ ಅಂಚೆ ಅಧಿಕಾರಿ ಅಂತ ಶುರು ಮಾಡಿ. ಜೊತೆಗೆ ಆ ಹಂತದ ಗೊಂದಲಾನೂ ಬಿಡಿಸಿ ಹೇಳಿಬಿಡಿ. ಎರಡೂ ಒಟ್ಟಿಗೆ ಹಾಕಿ, ಟೈಮಿಲ್ಲ.’ ಪುತ್ರವಾತ್ಸಲ್ಯಕ್ಕೆ ಕಟ್ಟುಬಿದ್ದು ರಾಯರು ಎರಡನ್ನೂ ಒಟ್ಟಿಗೆ ಹಾಕಿದರು. ಅರ್ಜಿ 5: 36, 36, 35. ಎರಡೂ ದಂಡ ಎಂದು ಯಾರಾದರೂ ಕೈಬಿಡುತ್ತಿದ್ದರು. ರಾಯರ ಕಾಫಿ ಡೈರಿ ಸುಮ್ಮನಿರಬೇಕಲ್ಲ! ಎರಡನ್ನೂ ಬಿಡಿಸಿದರು. ಹಂತದ ವಾಕ್ಯ ಮಾತ್ರ ಇದ್ದ ಅರ್ಜಿ 6ಕ್ಕೆ 39, 39, 38. ಅಂಚೆ ಅಧಿಕಾರಿ ಮಾತ್ರ ಇದ್ದ ಅರ್ಜಿ 7ಕ್ಕೆ 33, 32, 33. ತಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಕೂತಿತ್ತು. ಮೂವತ್ತು ವರ್ಷ ಅನುಭವದ ಅಧಿಕಾರಿಗಳು ಖಾಲಿ ಬಿಡಿ ಎಂದ ಜಾಗಕ್ಕೆ ಮತ್ತೆ ಸ್ವಂತ ಅನುಭವದಿಂದ ಪಿನ್ ತುಂಬಿದ್ದರು! ಒಂದು ಮಾತು ಮೇಲೆತ್ತಿದ್ದನ್ನು ಇನ್ನೊಂದು ಕೆಳಗೆಳೆದು, ಅಂಕ ಇದ್ದಲ್ಲೇ ಇತ್ತು.

ಇಲ್ಲೊಂದು ಗುಟ್ಟು. ಸಂಖ್ಯಾಶಾಸ್ತ್ರದ ರೊನಾಲ್ಡ್ ಫಿಶರ್ 1926ರಲ್ಲೇ, ಹೊಲದ ಪ್ರಯೋಗಗಳ ಬಗ್ಗೆ ಬರೆಯುತ್ತ, ಒಂದು ಸಲಕ್ಕೆ ಒಂದೇ ಎಂಬ ಪದ್ಧತಿ ಸಾಲದು ಎಂದಿದ್ದ. ಎರಡು ಬದಲಾವಣೆಗಳು ಕೂಡಿದಾಗ ಬೇರೆಯದೇ ಆಟ ಆಡಬಹುದು. ಹಾಗಾಗಿ ಎಲ್ಲ ಜೋಡಿಗಳನ್ನೂ ಲೆಕ್ಕ ಹಾಕಿಯೇ ಓಡಿಸಿ ನೋಡಬೇಕು ಎಂಬುದು ಅವನ ವಾದ. ರಾಯರಿಗೆ ಇದನ್ನು ನಾನು ಹೇಳಿಲ್ಲ. ಹೇಳಿದರೆ ಇನ್ನೊಂದು ಡೈರಿ ಶುರುವಾಗುತ್ತದೆ, ಹುಡುಗನಿಗೆ ಉಪನಯನದ ಬದಲು ನೇರ ಮದುವೆಯೇ.

ಕೊನೆಗೆ ಒಂದು ದಿನ ರಾಯರು ಪಾರ್ಕಿಗೆ ಓಡಿಯೇ ಬಂದರು. ಅರ್ಜಿ 8, ನಲವತ್ತಕ್ಕೆ ನಲವತ್ತು! ಆರನೆಯದಕ್ಕೆ ಒಂದು ಉದಾಹರಣೆ ಸೇರಿಸಿದ್ದರು. ಮೊಂಡುಹಿಡಿದಿದ್ದ ಬನಶಂಕರಿ 3ನೇ ಸ್ಟೇಜಿನ ವಿಳಾಸವನ್ನೇ ಎತ್ತಿ, ಬಿಡಿಸಿ ತೋರಿಸಿದ್ದರು. ಜಿಲೇಬಿ ಕೊಡಿಸಿದರು. ನಾನು ತಿಂದೆ. ಮಾರನೆಯ ದಿನ ಬೀಗರ ಕಡೆಯಿಂದ ಬಂದ ಇಪ್ಪತ್ತು ಹೊಸ ವಿಳಾಸ ಹಾಕಿದರೆ 13. ಬಿಟಿಎಂ ಲೇಔಟಿನ ನೆಂಟರಿಗೆಲ್ಲ ವಿಳಾಸದಲ್ಲಿ ಇಲ್ಲದ ಫೇಸೊಂದು ದಯಪಾಲಿಸಿತ್ತು. ಉದಾಹರಣೆಯಲ್ಲಿ ಫೇಸ್ ಇತ್ತಲ್ಲ, ಎಲ್ಲರಿಗೂ ಇರಬೇಕೆಂದು ಯಂತ್ರ ತಿಳಿದಿತ್ತು. ಹಳೆಯ ನಲವತ್ತರ ಒಂದು ಉತ್ತರವನ್ನಂತೂ ರಾಯರೇ ಅರ್ಜಿಯಲ್ಲಿ ಬರೆದುಕೊಟ್ಟಿದ್ದರು. ‘ಪ್ರಶ್ನೆಪತ್ರಿಕೆ ಲೀಕ್ ಮಾಡಿದವನು ನಾನೇ’ ಎಂದು ಬೆಂಚಿನ ಮೇಲೆ ಕುಸಿದರು. ಅದೇ ಹೊಸ ಇಪ್ಪತ್ತಕ್ಕೆ ಅರ್ಜಿ 6 ಹಾಕಿದಾಗ 19 ಬಂತು. ಎಂಟಕ್ಕೆ ಕೆಂಪು ಗೀಟು ಎಳೆದು ಆರಕ್ಕೆ ವಾಪಸಾದರು. ಪುಟ ಮಾತ್ರ ಹರಿಯಲಿಲ್ಲ. ಸೋತ ಅರ್ಜಿ ಡೈರಿಯಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಅದನ್ನೇ ಹೊಸದೆಂದುಕೊಂಡು ಮತ್ತೆ ಬರೆಯುತ್ತೇವೆ ಎಂಬುದು ಅವರ ಅನುಭವ.

ನಿನ್ನೆ ಆಮಂತ್ರಣ ಬಂತು. ವಿಳಾಸದಲ್ಲಿ ನನ್ನ ‘ಟಿ’ ಸುರಕ್ಷಿತವಾಗಿದೆ. ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ‘ಅ. 6’ ಎಂದಿದೆ. ಅಕ್ಷರ ಅವರ ಮನೆಯವರದು. ಎಲ್ಲ ಲಕೋಟೆಗಳನ್ನೂ ಆಕೆ ಒಂದೇ ಮಧ್ಯಾಹ್ನ ಕೂತು ಕೈಯಲ್ಲಿ ಬರೆದು ಮುಗಿಸಿದರಂತೆ.