ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಮೀಟಿಂಗು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಬೇಕಾದರೂ ಹೋಗಿ ನೋಡಿ. ಗಾಜಿನ ಕೋಣೆ, ಒಂಬತ್ತು ಜನ, ಗೋಡೆಯ ಮೇಲೊಂದು ಎಕ್ಸೆಲ್ ಹಾಳೆ. ಸರದಿ ಬಂದವರು ಮಾತಾಡುತ್ತಾರೆ. ಸರದಿ ಬರಬೇಕಾದವರು ತಾವೇನು ಹೇಳುವುದಪ್ಪಾ ಎಂದು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿರುತ್ತಾರೆ. ಸರದಿ ಮುಗಿದವರು ಮೊಬೈಲಿನಲ್ಲಿ ಮಧ್ಯಾಹ್ನದ ಊಟ ಹುಡುಕುತ್ತಿರುತ್ತಾರೆ. ಕೇಳಿಸಿಕೊಳ್ಳುವವರು ಮ್ಯಾನೇಜರು ಒಬ್ಬರೇ, ಅದೂ ಅವರ ಫೋನು ರಿಂಗಾಗದಿದ್ದರೆ.

ಇದು ವಾರವಾರ ಬೇಡ ಎಂದು ಕಾಫಿ ಮೆಷಿನ್ನಿನ ಮುಂದೆ ಉಳಿದ ಎಂಟೂ ಜನ ಒಪ್ಪುತ್ತಾರೆ. ಅದನ್ನೇ ಕೋಣೆಯೊಳಗೆ ಒಬ್ಬ ಬಾಯಿ ಬಿಟ್ಟು ಹೇಳಿದನೋ, ಮಿಕ್ಕ ಏಳು ಜನರೂ ಮೇಜಿನ ಮೇಲಿನ ನೀರಿನ ಬಾಟಲಿಯ ಲೇಬಲ್ಲು ಓದತೊಡಗುತ್ತಾರೆ. ಈ ಮಾಯೆ ಏನೆಂದು ತಿಳಿಯದೆ ನನ್ನ ಗೆಳೆಯನೊಬ್ಬ ತನ್ನ ಮ್ಯಾನೇಜರಿಗೂ ಟೀಮಿಗೂ ಕಳಿಸಬೇಕೆಂದಿದ್ದ ಮೇಲ್ ಒಂದನ್ನು ನನಗೆ ತೋರಿಸಿದ. ಸಾರಾಂಶ ಇಷ್ಟು: ‘ಈ ಮೀಟಿಂಗಿನಿಂದ ಯಾರಿಗೂ ಪ್ರಯೋಜನವಿಲ್ಲ. ಒಂಬತ್ತು ಜನರ ಒಂದೊಂದು ಗಂಟೆಯಂತೆ ವರ್ಷಕ್ಕೆ 468 ಗಂಟೆ ಪೋಲು. ಹದಿನೈದು ದಿನಕ್ಕೊಮ್ಮೆ ಮಾಡಿದರೆ 234 ಗಂಟೆ ಉಳಿಯುತ್ತದೆ.’

ಲೆಕ್ಕ ಸರಿಯಾಗಿದೆ ಮಾರಾಯ, ಕಳಿಸಬೇಡ ಎಂದೆ.

ಪ್ರಯೋಜನವಿಲ್ಲ ಎಂದು ಬರೆದೆಯಲ್ಲ, ಆ ಮೀಟಿಂಗು ಶುರುಮಾಡಿದವರು ಯಾರು? ಇದೇ ಮ್ಯಾನೇಜರು. ಎರಡು ವರ್ಷದಿಂದ ನೀವು ದಂಡದ ಕೆಲಸ ಮಾಡಿಸಿದಿರಿ ಎಂದು ಟೀಮಿನೆದುರು ಹೇಳಿಸಿಕೊಂಡು, ಆಮೇಲೆ ನಿನ್ನ ಸಲಹೆಗೆ ಭೇಷ್ ಎನ್ನಬೇಕಂತೆ ಅವರು! ಇನ್ನು ಆ 234 ಗಂಟೆ. ಅಷ್ಟು ಗಂಟೆ ಉಳಿಯುತ್ತದೆ ಎಂದು ಲಿಖಿತವಾಗಿ ಕೊಟ್ಟ ದಿನವೇ ಅದಕ್ಕೆ ಸರಿಹೊಂದುವ ಹೊಸ ಮಾಡ್ಯೂಲ್ ಒಂದು ನಿಮ್ಮ ತಲೆಗೆ ಬೀಳುತ್ತದೆ. ಕಾಫಿ ಮೆಷಿನ್ನಿನ ಮುಂದೆ ಒಪ್ಪಿದ ಮಿಕ್ಕ ಏಳು ಜನಕ್ಕೂ ಇದು ಗೊತ್ತು. ಅದಕ್ಕೇ ಅವರು ಬಾಟಲಿಯ ಲೇಬಲ್ಲು ಓದುವುದು.

ಅಸಲು ವಿಷಯ ಬೇರೆಯೇ ಇದೆ. ಸ್ಟೇಟಸ್ ಮೀಟಿಂಗಿನಲ್ಲಿ ಸ್ಟೇಟಸ್ ಬಿಟ್ಟು ಉಳಿದ ವ್ಯಾಪಾರವೆಲ್ಲ ನಡೆಯುತ್ತದೆ. ಮ್ಯಾನೇಜರು ಸೋಮವಾರ ಮಧ್ಯಾಹ್ನ ತಮ್ಮ ಮೇಲಿನವರಿಗೆ ಒಂದು ವರದಿ ಒಪ್ಪಿಸಬೇಕು, ಅದಕ್ಕೆ ಸರಕು ಸಿಗುವುದು ಇಲ್ಲಿ. ಟೆಸ್ಟಿಂಗಿನಾಕೆಗೆ ಈ ವಾರ ಬಿಲ್ಡ್ ಬರುತ್ತದೋ ಇಲ್ಲವೋ ಎಂದು ತಿಳಿಯುವುದು ಇಲ್ಲಿ, ಬೇರೆ ಯಾರೂ ಆಕೆಗೆ ಹೇಳುವ ಸೌಜನ್ಯ ತೋರಿಸುವುದಿಲ್ಲ. ಹುಬ್ಬಳ್ಳಿಯಿಂದ ಹೋದ ತಿಂಗಳಷ್ಟೇ ಬಂದು ಸೇರಿದ ಹುಡುಗನ ದನಿ ದೊಡ್ಡವರ ಕಿವಿಗೆ ಬೀಳುವುದು ವಾರಕ್ಕೆ ಆ ಎರಡು ನಿಮಿಷ ಮಾತ್ರ. ಅಪ್ರೈಸಲ್ ಹೊತ್ತಿಗೆ ಅವನನ್ನು ನೆನಪಿಡುವವರು ಬೇಕಲ್ಲ. ಆದರೆ ಇವರು ಯಾರೂ ತಮ್ಮ ನಿಜವಾದ ಕಾರಣ ಹೇಳುವುದಿಲ್ಲ. ಎಲ್ಲರೂ ಹೇಳುವುದು ಒಂದೇ: ‘ಕಮ್ಯುನಿಕೇಶನ್ ಗ್ಯಾಪ್ ಆಗುತ್ತೆ ಅನ್ಸುತ್ತೆ.’

ಹಾಗಾಗಿ ಮೇಲ್ ಬರೆಯುವ ಮೊದಲು ಇವರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೋ ಚಹಾಕ್ಕೋ ಹಿಡಿಯಬೇಕು. ‘ಸೋಮವಾರದ ಮೀಟಿಂಗು ಬೇಡ ಅಲ್ವಾ?’ ಎಂದು ಕೇಳಿದರೆ ಹೂಂ ಎಂದು ನಕ್ಕು ಹೋಗುತ್ತಾರೆ. ‘ಒಂದು ವಾರ ಮೀಟಿಂಗು ಇಲ್ಲದಿದ್ದರೆ ನಿಮ್ಮ ಯಾವ ಕೆಲಸ ನಿಲ್ಲುತ್ತೆ?’ ಎಂದು ಕೇಳಬೇಕು. ಆಗ ಬಾಯಿ ಬಿಡುತ್ತಾರೆ. ಗೆಳೆಯ ಹೀಗೆ ಕೇಳಿದಾಗ ಟೆಸ್ಟಿಂಗಿನಾಕೆ ಪಟ್ಟಂತ ಹೇಳಿದಳಂತೆ: ‘ನಿಮ್ಮ ಮೀಟಿಂಗು ಯಾರಿಗೆ ಬೇಕು? ನನಗೆ ಬಿಲ್ಡ್ ತಾರೀಕು ಬೇಕು.’

ಇನ್ನು ಹದಿನೈದು ದಿನವೇ ಯಾಕೆ ಎಂಬುದಕ್ಕೆ ಗಟ್ಟಿಯಾದ ಕಾರಣ ಬೇಕು. ಬೇಜಾರು ಎಂಬುದು ಕಾರಣವಲ್ಲ. ಗೆಳೆಯನ ಅದೃಷ್ಟಕ್ಕೆ ಅವರ ಟೀಮಿನ ಸ್ಪ್ರಿಂಟು ಎರಡು ವಾರದ್ದು. ಸ್ಪ್ರಿಂಟು ಮುಗಿದ ಸೋಮವಾರ ಏನಾಯಿತು, ಏನು ಉಳಿಯಿತು, ಮುಂದೇನು ಎಂದು ಮಾತಾಡಲು ನಿಜಕ್ಕೂ ವಿಷಯವಿರುತ್ತದೆ. ನಡುವಿನ ಸೋಮವಾರ ಏನಿರುತ್ತದೆ? ಹಳೆಯ ಹಾಳೆಗಳನ್ನು ತೆಗೆದು ನೋಡು ಎಂದೆ. ನೋಡಿದ. ನಡುವಿನ ವಾರಗಳ ಹಾಳೆಯಲ್ಲಿ ಎಲ್ಲ ಸಾಲಿಗೂ ಒಂದೇ ಉತ್ತರ: ನಡೀತಾ ಇದೆ. ಮದುವೆಗೆ ಹೆಣ್ಣು ಹುಡುಕುವವರ ಮನೆಯಲ್ಲಿ ಕೇಳಿದರೂ ಇದೇ ಉತ್ತರ ಸಿಗುತ್ತದೆ, ಅದಕ್ಕೆ ಗಾಜಿನ ಕೋಣೆ ಬುಕ್ ಮಾಡಬೇಕಿಲ್ಲ.

ಕೊನೆಗೆ ನಾವಿಬ್ಬರೂ ಕೂತು ತಿದ್ದಿದ ಮೇಲ್ ಹೀಗಿತ್ತು:

‘ಸೋಮವಾರದ ಮೀಟಿಂಗಿನಿಂದ ನಮಗೆಲ್ಲ ಒಬ್ಬರ ಕೆಲಸ ಒಬ್ಬರಿಗೆ ತಿಳಿಯುತ್ತಿದೆ. ಸ್ಪ್ರಿಂಟು ಎರಡು ವಾರದ್ದಾದ್ದರಿಂದ ನಡುವಿನ ವಾರ ಹೊಸದು ಹೇಳಲು ಹೆಚ್ಚೇನೂ ಇರುವುದಿಲ್ಲ. ಮುಂದಿನ ಆರು ವಾರ ಪ್ರಯೋಗಕ್ಕಾಗಿ ಸ್ಪ್ರಿಂಟು ಮುಗಿದ ಸೋಮವಾರ ಮಾತ್ರ ಸೇರೋಣವೇ? ನಡುವಿನ ಸೋಮವಾರ ಹನ್ನೊಂದರೊಳಗೆ ಪ್ರತಿಯೊಬ್ಬರೂ ಗ್ರೂಪಿನಲ್ಲಿ ಮೂರು ಸಾಲು ಬರೆಯೋಣ: ಮುಗಿದದ್ದು, ತಡವಾಗಿರುವುದು, ಯಾರಿಂದ ಏನು ಬೇಕು. ಬಿಲ್ಡ್ ತಾರೀಕು ಬದಲಾದರೆ ಅದೇ ದಿನ ಟೆಸ್ಟಿಂಗಿಗೆ ತಿಳಿಸುವುದು. ಯಾರ ಕೆಲಸವಾದರೂ ಸಿಕ್ಕಿಹಾಕಿಕೊಂಡರೆ ಮೀಟಿಂಗಿಗೆ ಕಾಯದೆ ಸಂಬಂಧಪಟ್ಟವರಷ್ಟೇ ಕೂಡಲೇ ಮಾತಾಡುವುದು. ಆರು ವಾರದ ಕೊನೆಗೆ ಯಾರೊಬ್ಬರಿಗೆ ತೊಂದರೆಯಾಗಿದ್ದರೂ ಮತ್ತೆ ವಾರವಾರಕ್ಕೆ ಹೋಗೋಣ. ಆಕ್ಷೇಪವಿದ್ದರೆ ಗುರುವಾರದೊಳಗೆ ತಿಳಿಸಿ.’

ಉಳಿಯುವ ಗಂಟೆಗಳ ಸುದ್ದಿ ಇದರಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಮ್ಯಾನೇಜರ ವರದಿಗೆ ಹನ್ನೊಂದರೊಳಗೆ ಸರಕು ಬಂತು, ಅದೂ ಅವರೇ ಬರೆದುಕೊಳ್ಳುವ ಕಷ್ಟವಿಲ್ಲದೆ. ಹುಬ್ಬಳ್ಳಿಯ ಹುಡುಗನ ಹೆಸರು ಗ್ರೂಪಿನಲ್ಲಿ ಕಾಣುತ್ತದೆ. ಮೀಟಿಂಗು ನಡೆದಾಗ ಮೊದಲ ಸರದಿ ಅವನದೇ ಎಂದು ಗೆಳೆಯ ಬೇರೆಯಾಗಿ ಮಾತು ಕೊಟ್ಟಿದ್ದಾನೆ. ಆರು ವಾರ ಯಾಕೆಂದರೆ ಅಷ್ಟರಲ್ಲಿ ನಡೆಯುವುದೇ ಮೂರು ಮೀಟಿಂಗು. ಅದಕ್ಕೂ ಕಡಿಮೆ ನೋಡಿದರೆ ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಗೆ ಹೇಳುವುದು? ‘ಒಪ್ಪಿಗೆಯೇ?’ ಎಂದು ಕೇಳದೆ ‘ಆಕ್ಷೇಪವಿದ್ದರೆ ತಿಳಿಸಿ’ ಎಂದದ್ದೂ ಸುಮ್ಮನೆ ಅಲ್ಲ. ಮೌನ ನಮ್ಮ ಆಫೀಸುಗಳಲ್ಲಿ ಯಥೇಚ್ಛವಾಗಿ ಬೆಳೆಯುವ ಬೆಳೆ, ಅದು ಈ ಸಲ ನಮ್ಮ ಕಣಜಕ್ಕೇ ಬರಲಿ.

ಮ್ಯಾನೇಜರು ಮಾತ್ರ ಒಮ್ಮೆ ಹುಬ್ಬು ಗಂಟಿಕ್ಕಿದರಂತೆ: ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅಂತ ಶುರುಮಾಡಿ, ಆಮೇಲೆ ಗ್ರಹಣಕ್ಕೊಮ್ಮೆ ಮಾಡ್ತೀರೇನ್ರೀ?’ ಭಯ ನ್ಯಾಯವಾದದ್ದೇ. ವಾರವಾರದ ಮೀಟಿಂಗು ಒಂದು ತಪ್ಪಿದರೆ ನಡುವೆ ಎರಡು ವಾರ ಬೀಳುತ್ತದೆ. ಹದಿನೈದು ದಿನದ್ದು ಒಂದು ತಪ್ಪಿದರೆ ಬೀಳುವುದು ಪೂರಾ ನಾಲ್ಕು ವಾರ. ಗಣೇಶನ ಹಬ್ಬ ಸೋಮವಾರವೇ ಬಂತೆಂದುಕೊಳ್ಳಿ, ಗಣೇಶನ ಜೊತೆ ಸ್ಪ್ರಿಂಟೂ ಮುಳುಗಿತು. ಆದ್ದರಿಂದ ರಜೆ ಬಿದ್ದರೆ ಮರುದಿನ ಸೇರುವುದು, ರದ್ದು ಮಾತ್ರ ಮಾಡುವಂತಿಲ್ಲ ಎಂದು ಒಂದು ಸಾಲು ಸೇರಿಸಿದ ಮೇಲೆ ಹುಬ್ಬು ಸಡಿಲವಾಯಿತು.

ಪ್ರಯೋಗ ಕೆಡುತ್ತಿದೆ ಎಂದು ತಿಳಿಯಲು ಜಾತಕ ನೋಡಬೇಕಿಲ್ಲ. ಒಂದು ಗಂಟೆಯ ಮೀಟಿಂಗು ಒಂದೂಮುಕ್ಕಾಲು ಗಂಟೆಗೆ ಹಿಗ್ಗಿದರೆ ಮೂರು ಸಾಲನ್ನು ಯಾರೂ ಓದುತ್ತಿಲ್ಲ ಎಂದರ್ಥ; ಬರೆದದ್ದನ್ನೇ ಮತ್ತೆ ಬಾಯಲ್ಲಿ ಹೇಳಿಸುತ್ತಿದ್ದಾರೆ. ‘ಕ್ವಿಕ್ ಕಾಲ್, ಐದೇ ನಿಮಿಷ’ ಎಂಬ ಕಿರುಮೀಟಿಂಗುಗಳು ಮಂಗಳವಾರ, ಬುಧವಾರ ಮರಿ ಹಾಕತೊಡಗಿದರೆ ಸೋಮವಾರದ್ದೇ ವೇಷ ಬದಲಿಸಿ ಬಂದಿದೆ. ಮೂರನೆಯದು ತೀರಾ ಸಣ್ಣದು, ಆದರೆ ಮಾನ ಕಳೆಯುವಂಥದ್ದು. ಕ್ಯಾಲೆಂಡರಿನಲ್ಲಿದ್ದ ವಾರವಾರದ ಹಳೆಯ ಆಹ್ವಾನವನ್ನು ಅಳಿಸದೆ ಹೊಸದನ್ನು ಸೇರಿಸಿದರೆ ಎರಡೂ ಉಳಿದುಬಿಡುತ್ತವೆ. ಗೆಳೆಯ ಹಾಗೇ ಮಾಡಿದ. ಮೊದಲ ಬಿಡುವಿನ ಸೋಮವಾರ ಹತ್ತೂವರೆಗೆ ಐದು ಜನ ಆನ್‌ಲೈನಿನಲ್ಲಿ ಸೇರಿ, ಬೇರೆಯವರು ಬರಲಿ ಎಂದು ಹತ್ತು ನಿಮಿಷ ಕಾದು, ಹೇಗೂ ಬಂದಿದ್ದೇವಲ್ಲ ಎಂದು ಸ್ಟೇಟಸ್ ಹೇಳಿಕೊಂಡರಂತೆ.