ಷರತ್ತು ಗೌಡರು

ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಎಲ್ಲೋ ಒಂದು ಕಡೆ ನಮ್ಮ ಗೌಡರು ಸಿಕ್ಕೇ ಸಿಗುತ್ತಾರೆ. ಹಿಂದೆ ದ್ರಾಕ್ಷಿ ಬೆಳೆದವರು. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಚಪ್ಪರ ಕಿತ್ತು ನಾಲ್ಕು ಕಾಟೇಜು ಕಟ್ಟಿಸಿದರು. ದ್ರಾಕ್ಷಿಗೆ ಸಾಲದ ನೀರು ಸ್ವಿಮ್ಮಿಂಗ್ ಪೂಲಿಗೆ ಹೇಗೆ ಸಾಲುತ್ತದೆ ಎಂದು ಕೇಳಬಾರದು. ಕೇಳಿದರೆ ಮಜ್ಜಿಗೆ ಕೊಡುತ್ತಾರೆ.

ಈಗ ಅವರ ಬೇಸಾಯವೆಲ್ಲ ಬುಧವಾರ ರಾತ್ರಿ, ಜಗಲಿಯ ಮೇಲೆ, ಮೊಬೈಲಿನಲ್ಲಿ. ಕಾಲೇಜು ಓದುವ ಮಗಳು ಟೈಪ್ ಮಾಡುತ್ತಾಳೆ, ಗೌಡರು ಅಡ್ಡಾಡುತ್ತಾ ವೀಕೆಂಡ್ ಪ್ಯಾಕೇಜಿನ ಕ್ಯಾಪ್ಶನ್ ಹೇಳುತ್ತಾರೆ.

"ಬರಿಯವ್ವ, ನಂದಿ ಬೆಟ್ಟದ ತಪ್ಪಲಲ್ಲಿ..."

"ಅಪ್ಪಾ, ನಂದಿ ಬೆಟ್ಟ ಎಲ್ಲಿ, ನಾವೆಲ್ಲಿ?"

"ಟೆರೇಸ್ ಹತ್ತಿದ್ರೆ ಕಾಣ್ತದಲ್ವಾ? ಬರಿ."

ದೂರದ ವಿಷಯದಲ್ಲೂ ಹೀಗೇ. 'ಏರ್‌ಪೋರ್ಟಿನಿಂದ ಅರ್ಧ ಗಂಟೆ' ಎಂಬುದು ಸುಳ್ಳಲ್ಲ. ಗೌಡರು ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ನೋಡಿದ್ದಾರೆ. ಶನಿವಾರ ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತವರ ಲೆಕ್ಕ ಅವರಿಗೆ ಸೇರಿದ್ದಲ್ಲ.

ಮೊದಲ ವರ್ಷ ಈ ಕ್ಯಾಪ್ಶನ್ ಮೂರೇ ಸಾಲಿತ್ತು. ಈಗ ಹೆಬ್ಬೆರಳು ನೋಯುವಷ್ಟು ಸರಿಸಿದರೂ ಮುಗಿಯುವುದಿಲ್ಲ. ಒಂದೊಂದು ಸಾಲೂ ಒಬ್ಬೊಬ್ಬ ಅತಿಥಿ ಬಿಟ್ಟುಹೋದದ್ದು. 'ಚೆಕ್‌ಇನ್ ಮಧ್ಯಾಹ್ನ 1, ಚೆಕ್‌ಔಟ್ ಬೆಳಗ್ಗೆ 11' ಎಂಬುದು ಬೆಳಗ್ಗೆ ಎಂಟಕ್ಕೇ ಬಂದು, ಹಿಂದಿನವರು ಇನ್ನೂ ಹಲ್ಲುಜ್ಜುತ್ತಿದ್ದಾಗ ಕೋಣೆಯ ಬಾಗಿಲು ತಟ್ಟಿದ ಕುಟುಂಬದ ಕೊಡುಗೆ. ನಡುವಿನ ಎರಡು ಗಂಟೆಯಲ್ಲಿ ಇಬ್ಬರು ಹೆಂಗಸರು ನಾಲ್ಕು ಕೋಣೆ ಗುಡಿಸಿ, ಒರೆಸಿ, ಬೆಡ್‌ಶೀಟ್ ಬದಲಾಯಿಸಬೇಕು. 'ಊಟ 1ರಿಂದ 2.30ರವರೆಗೆ ಮಾತ್ರ' ಎಂಬುದು ನಾಲ್ಕಕ್ಕೆ ಬಂದು ಬಿಸಿ ಮುದ್ದೆ ಕೇಳಿದವರದು. 'ಡ್ರೈವರ್ ಊಟಕ್ಕೆ ಪ್ರತ್ಯೇಕ ದರ' ಎಂಬುದರ ಕಥೆ ಗೌಡರು ಹೇಳುವುದಿಲ್ಲ. ಮುಖ ಮಾತ್ರ ಕೆಂಪಾಗುತ್ತದೆ.

ಚಟುವಟಿಕೆಗಳ ಪಟ್ಟಿಯಲ್ಲಿ ಎತ್ತಿನ ಗಾಡಿ ಸವಾರಿ ಮೊದಲು. ಘಾಟಿ ದನಗಳ ಜಾತ್ರೆಯಲ್ಲಿ ಕೊಂಡುತಂದ ಹಳ್ಳಿಕಾರ್ ಜೋಡಿ ಅದು. ಹೊಲ ಉಳುವುದು ಟ್ರ್ಯಾಕ್ಟರು. ಎತ್ತುಗಳಿಗೆ ಶನಿವಾರ, ಭಾನುವಾರ ಮಾತ್ರ ಡ್ಯೂಟಿ. ಸೋಮವಾರ ಅವಕ್ಕೆ ರಜೆ, ಗೌಡರಿಗೆ ಅದೂ ಇಲ್ಲ.

ಹಾಲು ಕರೆಯುವ ಚಟುವಟಿಕೆಯೇ ದೊಡ್ಡ ತಲೆನೋವು. ಕ್ಯಾಪ್ಶನ್ನಿನಲ್ಲಿ 'ಬೆಳಗ್ಗೆ 6' ಎಂದಿದೆ. ಡೈರಿಗೆ ಹಾಲು ಹಾಕುವ ಹೊತ್ತು ಅದು. ಅತಿಥಿಗಳು ಏಳುವುದು ಎಂಟೂವರೆಗೆ. ಎದ್ದು ಬಂದವರೂ ಸೆಂಟ್ ಹಾಕಿಕೊಂಡು ಬಂದರೆ ಸೀಮೆಹಸು ಗಾಬರಿಬಿದ್ದು ಹಾಲು ಇಳಿಸುವುದಿಲ್ಲ. ಕೊನೆಗೆ ಗೌಡರ ಹೆಂಡತಿ ಮೊದಲೇ ಕರೆದಿಟ್ಟು, ಕೆಚ್ಚಲಲ್ಲಿ ನಾಲ್ಕು ಹನಿ ಮಕ್ಕಳ ಫೋಟೋಗೆಂದು ಬಿಡುತ್ತಾರೆ.

ಊಟದ ಸಾಲಿನಲ್ಲಿ 'ಹಿತಕಿದ ಬೇಳೆ ಸಾರು' ಎಂದು ಬರೆದದ್ದು ಡಿಸೆಂಬರಿನಲ್ಲಿ, ಸೊಗಡಿನ ಅವರೆಕಾಯಿ ಸಂತೆಗೆ ಬಂದಾಗ. ತೆಗೆಯಲು ಮರೆತರು. ಮೇ ತಿಂಗಳಲ್ಲಿ ವೈಟ್‌ಫೀಲ್ಡಿನ ಒಬ್ಬರು ಸಾಲನ್ನು ಬೆರಳಿಟ್ಟು ತೋರಿಸಿದರು. ಅಂದಿನಿಂದ 'ಆಯಾ ಕಾಲಕ್ಕೆ ಸಿಕ್ಕಂತೆ' ಎಂಬುದು ಸೇರಿದೆ. 'ಕ್ಯಾಂಪ್‌ಫೈರ್ ಒಂದು ಗಂಟೆ' ನೀಲಗಿರಿ ಸೌದೆಯ ಲೆಕ್ಕ. 'ರಾತ್ರಿ 10ರ ಮೇಲೆ ಸ್ಪೀಕರ್ ಇಲ್ಲ' ಸರ್ಕಾರದ ನಿಯಮವೇ. ಆದರೂ ಗೌಡರು ಹೆದರುವುದು ಪಕ್ಕದ ತೋಟದ ದೊಡ್ಡಪ್ಪನಿಗೆ.

ದರದಲ್ಲಿ ಮಾತ್ರ ಗೌಡರು ನಿಜವಾದ ಕಸುಬುದಾರರು. '2,499ರಿಂದ ಆರಂಭ' ಎಂದಿರುತ್ತದೆ. ಒಂದು ಕೋಣೆಯಲ್ಲಿ ನಾಲ್ವರು ಮಲಗಿದರೆ ತಲೆಗೆ ಆ ರೇಟು. ಗಂಡ, ಹೆಂಡತಿ, ಏಳು ವರ್ಷದ ಮಗ ಬಂದರೆ ಇಬ್ಬರ ಕೋಣೆಯ ರೇಟು ತಲೆಗೆ 3,200, ಹುಡುಗನಿಗೆ ಅರ್ಧ. ಒಟ್ಟು 8,000. ಅದರಲ್ಲಿ 4,000 ಮುಂಗಡ, ವಾಪಸಿಲ್ಲ, ತಾರೀಕು ಒಂದು ಸಲ ಬದಲಾಯಿಸಬಹುದು. ಇದು ದುರಾಸೆಯೆಂದು ನನಗೂ ಅನಿಸಿತ್ತು. ಆದರೆ ಗುರುವಾರವೇ ನಾಟಿ ಕೋಳಿಗೆ ಹೇಳಬೇಕು, ಅಡಿಗೆಯವನಿಗೆ ಅಡ್ವಾನ್ಸು ಕೊಡಬೇಕು; ಶನಿವಾರ ಬೆಳಗ್ಗೆ 'ಮಗೂಗೆ ಜ್ವರ ಸಾರ್' ಎಂದರೆ ಕೋಳಿ ಮತ್ತೆ ಬದುಕುವುದಿಲ್ಲ.

ಇಷ್ಟೆಲ್ಲ ಬರೆದು, ಮಗಳು ಪೋಸ್ಟ್ ಒತ್ತಿದ ಐದೇ ನಿಮಿಷಕ್ಕೆ ಮೊದಲ ಕರೆ ಬರುತ್ತದೆ. ಗೌಡರು ಸ್ಪೀಕರ್ ಆನ್ ಮಾಡುತ್ತಾರೆ.

"ಹಲೋ, ನಿಮ್ಮ ಪೋಸ್ಟ್ ನೋಡ್ದೆ, ಬಹಳ ಚೆನ್ನಾಗಿದೆ. ಚೆಕ್‌ಇನ್ ಎಷ್ಟು ಗಂಟೆಗೆ ಸಾರ್? ಊಟ ಸೇರಿದ್ಯಾ? ಅಡ್ವಾನ್ಸ್ ಬೇಡ ಅಲ್ವಾ, ಬಂದು ಕೊಟ್ರಾಯ್ತಾ?"

"ಬರಿಯವ್ವ," ಎನ್ನುತ್ತಾರೆ ಗೌಡರು ಫೋನಿಗೆ ಕೈ ಅಡ್ಡ ಹಿಡಿದು, "ಓದಿದ ಮೇಲೆ ಫೋನ್ ಮಾಡಿ ಅಂತ. ದಪ್ಪಕ್ಷರದಲ್ಲಿ."